ಕೊಳೆತ ದಿಮ್ಮಿಯನ್ನು ಕಾಡಿನಿಂದ ಹೊರಗೆ ಸಾಗಿಸಬೇಡಿ

ನಮಸ್ಕಾರ. ಕಾಡಿನಲ್ಲಿ ಬಿದ್ದ ಮರ ಕಂಡರೆ ಜನ ಎರಡು ಮಾತು ಹೇಳ್ತಾರೆ. ಒಂದು, "ಸುಮ್ನೆ ಹಾಳಾಗ್ತಿದೆ, ಎತ್ತಿಬಿಡಿ." ಇನ್ನೊಂದು, "ಇರಲಿ ಬಿಡಿ, ಗೊಬ್ಬರ ಆಗುತ್ತೆ." ಎರಡನೆಯದು ಒಳ್ಳೆ ಮನಸ್ಸಿನ ಮಾತು. ಆದರೆ ಅದೂ ಪೂರ್ತಿ ಸರಿಯಲ್ಲ. ದಿಮ್ಮಿ ಮೊದಲ ಕೆಲವು ವರ್ಷ ಮಣ್ಣಿಗೆ ಕೊಡುವುದಕ್ಕಿಂತ ಮಣ್ಣಿನಿಂದ ತೆಗೆದುಕೊಳ್ಳುವುದೇ ಜಾಸ್ತಿ ಇರಬಹುದು. ಆದರೂ ಅದು ಅಲ್ಲೇ ಇರಬೇಕು ಅಂತ ನಾನು ಹೇಳುತ್ತೇನೆ.

ಪೈನ್ ಜಾತಿಯ ಒಂದು ದಿಮ್ಮಿ ತೆಗೆದುಕೊಳ್ಳೋಣ. ಒಣ ತೂಕ 100 ಕೆಜಿ ಅಂದುಕೊಳ್ಳಿ. ಅದರಲ್ಲಿ ಸುಮಾರು 70 ಕೆಜಿ ಸೆಲ್ಯುಲೋಸ್ ಮತ್ತು ಹೆಮಿಸೆಲ್ಯುಲೋಸ್. ಇವು ಸಕ್ಕರೆಯ ಉದ್ದನೆಯ ಸರಪಳಿಗಳು. ಉಳಿದದ್ದರಲ್ಲಿ ಬಹುಪಾಲು ಲಿಗ್ನಿನ್. ಮರದ ನಾರುಗಳನ್ನು ಬಿಗಿಯಾಗಿ ಅಂಟಿಸಿ ಹಿಡಿದಿರುವುದು ಇದೇ. ಇದನ್ನು ಒಡೆಯುವುದು ಬಹಳ ಕಷ್ಟ. ಅದನ್ನು ದಾಟದೆ ಒಳಗಿನ ಸಕ್ಕರೆ ಸಿಗುವುದಿಲ್ಲ.

ಮರವನ್ನು ಕೊಳೆಸುವ ಶಿಲೀಂಧ್ರಗಳಲ್ಲಿ ಬಿಳಿ ಕೊಳೆಯ ಬಗೆಯವು ಲಿಗ್ನಿನ್ನನ್ನೂ ಒಡೆಯುತ್ತವೆ. ಬಣ್ಣಬಣ್ಣದ ಪಟ್ಟೆಗಳ ಟ್ರಾಮೆಟಿಸ್ ವರ್ಸಿಕಲರ್ ಇದಕ್ಕೆ ಒಳ್ಳೆ ಉದಾಹರಣೆ. ಪೆರಾಕ್ಸಿಡೇಸ್, ಲ್ಯಾಕೇಸ್ ಅನ್ನುವ ಕಿಣ್ವಗಳನ್ನು ಇವು ಹೊರಗೆ ಬಿಡುತ್ತವೆ. ಕಂದು ಬಣ್ಣದ ಲಿಗ್ನಿನ್ ಹೋದಂತೆ ಮರ ಬಿಳಿಚಿಕೊಳ್ಳುತ್ತದೆ, ನಾರುನಾರಾಗಿ, ಸ್ಪಂಜಿನಂತೆ ಮೆತ್ತಗಾಗುತ್ತದೆ. ಸಮಯ ಸಿಕ್ಕರೆ ನಮ್ಮ 100 ಕೆಜಿಯಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಹೊರಟುಹೋಗುತ್ತದೆ.

ಕಂದು ಕೊಳೆಯ ದಾರಿ ಬೇರೆ. ನನಗೆ ಇದೇ ಜಾಸ್ತಿ ಇಷ್ಟ. ಫೋಮಿಟಾಪ್ಸಿಸ್ ಪಿನಿಕೋಲಾದಂಥ ಶಿಲೀಂಧ್ರ ಲಿಗ್ನಿನ್ನನ್ನು ತಿನ್ನಲು ಹೋಗುವುದೇ ಇಲ್ಲ. ಇನ್ನೂ ಕೊಳೆಯದ ಮರದ ಕೋಶಗೋಡೆಯ ರಂಧ್ರಗಳು ತುಂಬ ಸಣ್ಣವು, ಕಿಣ್ವ ಅದರೊಳಗೆ ತೂರಲಾರದು. ಹಾಗಾಗಿ ಶಿಲೀಂಧ್ರ ಮೊದಲು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಕಬ್ಬಿಣವನ್ನು ಗೋಡೆಯೊಳಗೆ ಸೇರಿಸುತ್ತದೆ. ಅವೆರಡೂ ಸೇರಿದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಅದು ಸಿಕ್ಕಿದ್ದನ್ನೆಲ್ಲ ಚುಚ್ಚಿ ಮುರಿಯುತ್ತದೆ. ಸೆಲ್ಯುಲೋಸ್ ಸರಪಳಿಗಳು ಬೇಗ ತುಂಡಾಗುತ್ತವೆ. ತೂಕ ನೂರಕ್ಕೆ ಹತ್ತರಷ್ಟು ಇಳಿಯುವ ಹೊತ್ತಿಗೇ ಮರದ ಬಲ ಅರ್ಧಕ್ಕಿಂತ ಜಾಸ್ತಿ ಹೋಗಿರಬಹುದು. ನೋಡಲು ಗಟ್ಟಿಯಾಗಿರುವ ದಿಮ್ಮಿ ಕಾಲಿಟ್ಟರೆ ಕುಸಿಯುವುದು ಇದಕ್ಕೇ.

ಲಿಗ್ನಿನ್ ಸ್ವಲ್ಪ ಬದಲಾಗುತ್ತದೆ, ಆದರೆ ಹೋಗುವುದಿಲ್ಲ. ಮರ ಒಣಗಿ ಕುಗ್ಗಿ ಅಡ್ಡಕ್ಕೂ ಉದ್ದಕ್ಕೂ ಸೀಳಿ, ಕಂದು ಇಟ್ಟಿಗೆಗಳಂಥ ಚೌಕಗಳಾಗುತ್ತದೆ. ನಮ್ಮ ದಿಮ್ಮಿಯಲ್ಲಿ ಕೊನೆಗೆ ಸುಮಾರು 30 ಕೆಜಿ ಉಳಿಯುತ್ತದೆ. ಪೈನ್, ಸ್ಪ್ರೂಸ್ ಕಾಡುಗಳ ಮಣ್ಣಿನಲ್ಲಿ ಈ ಪುಡಿ ಬಹಳ ಕಾಲ ಇರುತ್ತದೆ, ನೀರು ಹಿಡಿದಿಡುತ್ತದೆ, ಎಳೆ ಸಸಿಗಳು ಅದರಲ್ಲೇ ಬೇರು ಬಿಡುತ್ತವೆ.

ಬಣ್ಣ ನೋಡಿ ಮಾತ್ರ ತೀರ್ಮಾನಿಸಬೇಡಿ. ಒದ್ದೆ ಮರ ಎಲ್ಲವೂ ಕಂದಾಗೇ ಕಾಣುತ್ತದೆ. ಒಂದು ಚೂರು ಮುರಿದು ನೋಡಿ. ಎಳೆದರೆ ನಾರು ಬಂತಾ? ಬಿಳಿ ಕೊಳೆ. ಬೆರಳಲ್ಲಿ ಉಜ್ಜಿದರೆ ಪುಡಿಯಾಯಿತಾ? ಕಂದು ಕೊಳೆ. ಒಂದೇ ದಿಮ್ಮಿಯ ಎರಡು ತುದಿಯಲ್ಲಿ ಎರಡೂ ಇರಬಹುದು.

ಈಗ ಗೊಬ್ಬರದ ಮಾತಿಗೆ ಬರೋಣ. ಆ 100 ಕೆಜಿ ಮರದಲ್ಲಿ ಇಂಗಾಲ ಸುಮಾರು 50 ಕೆಜಿ. ಸಾರಜನಕ ಎಷ್ಟು? ಸುಮಾರು 100 ಗ್ರಾಂ, ಕೆಲವೊಮ್ಮೆ ಅದಕ್ಕಿಂತ ಕಡಿಮೆ. ಶಿಲೀಂಧ್ರದ ದೇಹ ಕಟ್ಟಲು ಇದು ತೀರಾ ಸಾಲದು. ಹಾಗಾಗಿ ಇರುವ ಸಾರಜನಕವನ್ನು ಅದು ತನ್ನ ಎಳೆಗಳಲ್ಲೇ ಬಿಗಿಹಿಡಿದು ಮತ್ತೆ ಮತ್ತೆ ಬಳಸುತ್ತದೆ. ಸಾಲದಿದ್ದರೆ ಮಣ್ಣಿಗೆ ಚಾಚಿದ ದಪ್ಪ ಎಳೆಗಳ ಮೂಲಕ ಹೊರಗಿನಿಂದಲೂ ಎಳೆದುಕೊಳ್ಳುತ್ತದೆ. ಇಂಗಾಲ ಗಾಳಿಗೆ ಹೋಗುತ್ತಾ ಸಾರಜನಕ ಒಳಗೇ ಉಳಿಯುವುದರಿಂದ, ಕೊಳೆತಷ್ಟೂ ಅದರ ಪಾಲು ಏರುತ್ತದೆ. ಹುಳುಗಳು ಆ ಎಳೆಗಳನ್ನು ಮೇಯ್ದಾಗ, ಹಳೆ ಎಳೆಗಳು ಸತ್ತಾಗ, ಅದು ಸ್ವಲ್ಪಸ್ವಲ್ಪವಾಗಿ ಗಿಡಗಳಿಗೆ ಸಿಗುತ್ತದೆ. ದಪ್ಪ ದಿಮ್ಮಿಯಲ್ಲಿ ಇದಕ್ಕೆ ಹಲವು ದಶಕಗಳೇ ಬೇಕು.

ಅಂದರೆ ಅರ್ಧ ಕೊಳೆತ ದಿಮ್ಮಿಯನ್ನು ಎತ್ತಿಕೊಂಡು ಹೋದರೆ ಮರವಷ್ಟೇ ಹೋಗುವುದಿಲ್ಲ. ಮಣ್ಣಿನಿಂದ ಎಳೆದು ಕೂಡಿಟ್ಟ ಸಾರಜನಕವೂ ಕಾಡಿಗೆ ವಾಪಸ್ ಬರುವ ಮೊದಲೇ ಹೊರಟುಹೋಗುತ್ತದೆ. ಹಾಗಾಗಿ "ಇದು ಕೊಳೆತು ಹೋಗಿದೆ, ಇನ್ನೇನು ಪ್ರಯೋಜನ" ಅನ್ನುವ ಹೊತ್ತೇ ಅದನ್ನು ತೆಗೆಯಲು ಅತ್ಯಂತ ಕೆಟ್ಟ ಹೊತ್ತು ಅಂತ ನನ್ನ ಅಭಿಪ್ರಾಯ.

ದಾರಿಗೆ ಅಡ್ಡ ಬಿದ್ದರೆ ಏನು ಮಾಡೋದು? ಅಡ್ಡ ಇರುವಷ್ಟು ಮಾತ್ರ ಕತ್ತರಿಸಿ, ಪಕ್ಕಕ್ಕೆ ಉರುಳಿಸಿ. ಆದರೆ ಒಂದರ ಮೇಲೊಂದು ಪೇರಿಸಬೇಡಿ. ಗಾಳಿಯಾಡಿ ತೇವಾಂಶ ನೂರಕ್ಕೆ ಇಪ್ಪತ್ತಕ್ಕಿಂತ ಕೆಳಗಿಳಿದರೆ ಕೊಳೆಯುವುದು ನಿಂತುಹೋಗುತ್ತದೆ. ತುಂಡಿನ ಹೊಟ್ಟೆ ಮಣ್ಣಿಗೆ ತಾಗುವ ಹಾಗೆ ಮಲಗಿಸಿ, ನೆರಳಿರುವ ಕಡೆಯಾದರೆ ಇನ್ನೂ ಒಳ್ಳೆಯದು. ಶಿಲೀಂಧ್ರದ ಎಳೆಗಳಿಗೆ ನೀರೂ ಸಾರಜನಕವೂ ಸಿಗುವುದು ಮಣ್ಣಿನ ಕಡೆಯಿಂದಲೇ.