ಅಚ್ಚು ಒತ್ತುವುದು ಬಣ್ಣವನ್ನಲ್ಲ

ನಮಸ್ಕಾರ. ಇವತ್ತು ನಾನು ಹೇಳಬೇಕಾದದ್ದು ಒಂದೇ ಮಾತು. ಹಳೆ ಕಾಲದ ಕುಶಲಕರ್ಮಿಗಳು ಮರದ ಅಚ್ಚಿನಿಂದ ಹತ್ತಿಬಟ್ಟೆಗೆ ಸಾಮಾನ್ಯವಾಗಿ ಬಣ್ಣ ಒತ್ತುತ್ತಿರಲಿಲ್ಲ. ಬಣ್ಣ ಬರುತ್ತಿದ್ದದ್ದು ಆಮೇಲೆ, ಹಂಡೆಯಲ್ಲಿ.

ಈಜಿಪ್ಟಿನ ಕೈರೋ ಪಕ್ಕದ ಹಳೆ ಊರು ಫುಸ್ತಾತ್. ಅಲ್ಲಿ ಮತ್ತು ಈಜಿಪ್ಟಿನ ಬೇರೆ ಕಡೆ ಸಿಕ್ಕಿದವು ಎನ್ನಲಾದ, ಅಚ್ಚೊತ್ತಿದ ಹತ್ತಿಬಟ್ಟೆಯ ಚೂರುಗಳನ್ನು ನ್ಯೂಬೆರಿ ಎಂಬ ವಿದ್ವಾಂಸರು ಕೈರೋದಲ್ಲಿ ಕೊಂಡು ಸಂಗ್ರಹಿಸಿದರು. 1,200ಕ್ಕೂ ಹೆಚ್ಚು ಚೂರುಗಳು ಈಗ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿವೆ. ಬಹುಪಾಲು ನಮ್ಮ ಗುಜರಾತಿನಿಂದ ಹಡಗಿನಲ್ಲಿ ಹೋದವು. ಕೆಲವು ಸಾವಿರ ವರ್ಷ ಹಳೆಯವು. ಕೆಂಪು ಇನ್ನೂ ಕೆಂಪಾಗಿಯೇ ಇದೆ, ನೀಲಿ ನೀಲಿಯಾಗಿಯೇ ಇದೆ. ಮೇಲೆ ಬಳಿದ ಬಣ್ಣವಾಗಿದ್ದರೆ ಇಷ್ಟು ಕಾಲ ಉಳಿಯುತ್ತಿತ್ತಾ?

ಹತ್ತಿಗೆ ಒಂದು ಹಟವಿದೆ. ಮಂಜಿಷ್ಠದ ಬೇರನ್ನು ಎಷ್ಟೇ ಕುದಿಸಿ ಅದ್ದಿದರೂ ಬರೀ ಹತ್ತಿಬಟ್ಟೆ ಗಟ್ಟಿ ಕೆಂಪು ಹಿಡಿಯುವುದಿಲ್ಲ, ತೊಳೆದರೆ ಬಿಟ್ಟುಹೋಗುತ್ತದೆ. ನಡುವೆ ಒಬ್ಬ ಮಧ್ಯವರ್ತಿ ಬೇಕು. ಕೆಂಪಿಗೆ ಆ ಮಧ್ಯವರ್ತಿ ಪಟಿಕ, ಕಪ್ಪಿಗೆ ಕಬ್ಬಿಣ. ಅಚ್ಚಿನಲ್ಲಿ ಒತ್ತುವುದು ಇವನ್ನೇ. ಬಣ್ಣವನ್ನಲ್ಲ.

ನಂಬಿಕೆ ಬರಲಿಲ್ಲವೇ? ನನಗೂ ಬಂದಿರಲಿಲ್ಲ. ಗುಜರಾತಿನ ಕಛ್‌ನಲ್ಲಿ ಅಜ್ರಖ್ ಎಂಬ ಕೆಂಪು-ನೀಲಿ ಅಚ್ಚಿನ ಬಟ್ಟೆ ಮಾಡುವ ಖತ್ರಿ ಮನೆತನಗಳು ಇವತ್ತಿಗೂ ಇದೇ ಹಾದಿಯಲ್ಲಿ ಕೆಲಸ ಮಾಡುತ್ತವೆ. ಒಂದು ಸಲ ಅಲ್ಲಿ ಹಿರಿಯರೊಬ್ಬರ ಪಕ್ಕ ದಿನವಿಡೀ ಕೂತಿದ್ದೆ. ಬಟ್ಟೆಯನ್ನು ಮೊದಲೇ ಒಗೆದು, ಅಳಲೆಕಾಯಿ ಪುಡಿಯ ನೀರಿನಲ್ಲಿ ಅದ್ದಿ ಒಣಗಿಸಿದ್ದರು. ಮಾಸಲು ಹಳದಿ ಬಟ್ಟೆ. ಬಿಳಿಯಾಗಿ ಉಳಿಯಬೇಕಾದ ಗೆರೆಗಳಿಗೆ ಸುಣ್ಣ, ಅಂಟು ಕಲಸಿ ಒತ್ತಿದರು. ಆಮೇಲೆ ಇನ್ನೊಂದು ಅಚ್ಚು ತೆಗೆದುಕೊಂಡು, ತುಕ್ಕು ಹಿಡಿದ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಹುಳಿ ಬರಿಸಿ ಹುಣಸೆಬೀಜದ ಪುಡಿ ಹಾಕಿ ಕುದಿಸಿದ ಸರಿಯನ್ನು ಒತ್ತಿದರು ನೋಡಿ, ಕಣ್ಣೆದುರಿಗೇ ಕಪ್ಪಾಯಿತು! ಈಳಿಗೆಮಣೆಯಲ್ಲಿ ಬಾಳೆಕಾಯಿ ಹೆಚ್ಚಿದರೆ ಕೈ ಕಪ್ಪಾಗುತ್ತದಲ್ವಾ, ಅದೇ ಸಂಗತಿ. ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು.

ಮುಂದೆ ಪಟಿಕದ ಅಚ್ಚು. ಏನೂ ಕಾಣಲಿಲ್ಲ. ಎಲ್ಲಿ ಒತ್ತಿದ್ದೇವೆಂದು ತಿಳಿಯಲು ಅದಕ್ಕೆ ಸ್ವಲ್ಪ ಮಣ್ಣು ಬೆರೆಸಿದ್ದರು, ಅಷ್ಟೇ. ನಾನು ತಡೆಯಲಾರದೆ, "ಕೆಂಪು ಎಲ್ಲಿ?" ಎಂದೆ. ಅವರು ನಕ್ಕು, "ಸಾಹೇಬ್, ಅದು ಇನ್ನೂ ಬೇರಿನಲ್ಲಿದೆ" ಎಂದರು. ಅವರು ಕೆಲವು ದಿನಗಳ ಹಿಂದೆ ಒತ್ತಿ ಒಣಗಿಸಿದ್ದ ಇನ್ನೊಂದು ಬಟ್ಟೆಯನ್ನು ನೀಲಿ ಗಿಡದ ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿದರು. ಹಸಿರಾಗಿ ಮೇಲೆ ಬಂತು, ಗಾಳಿ ತಾಗಿ ನೀಲಿಯಾಯಿತು. ನೀಲಿಗೆ ಮಾತ್ರ ಮಧ್ಯವರ್ತಿ ಬೇಡ. ಅಂಟು ಇದ್ದ ಕಡೆ ಅದು ಒಳಗೆ ಹೋಗಲಿಲ್ಲ. ಆಮೇಲೆ ಹರಿಯುವ ನೀರಿನಲ್ಲಿ ಬಡಿದು ಬಡಿದು ಒಗೆದು, ತಾಮ್ರದ ಹಂಡೆಯಲ್ಲಿ ಮಂಜಿಷ್ಠದ ಜೊತೆ ನಿಧಾನವಾಗಿ ಕಾಯಿಸಿದರು. ಕೋಲಿನಿಂದ ಎತ್ತಿದಾಗ ಪಟಿಕ ಇದ್ದ ಜಾಗದಲ್ಲೆಲ್ಲ ಕೆಂಪು! ಬಿಳಿ ಗೆರೆಗಳಿಗೂ ತುಸು ಗುಲಾಬಿ ಹತ್ತಿತ್ತು, ಅದು ಒಗೆತ, ಬಿಸಿಲಿಗೆ ಹೋಯಿತು. ಎಲ್ಲ ಬಟ್ಟೆಯೂ ಒಂದೇ ಹಂಡೆಯಲ್ಲಿ ಬೆಂದದ್ದು. ಆದರೂ ಒತ್ತಿದ್ದನ್ನು ನೋಡಿ ಬಣ್ಣ ಹಿಡಿಯಿತು.

ಮನೆಗೆ ಬಂದು ನಾನೂ ಮಾಡಿದೆ. ಪಟಿಕ ಒತ್ತಿ, ಅವಸರದಲ್ಲಿ ಸರಿಯಾಗಿ ಒಗೆಯದೆ ಪಾತ್ರೆಗೆ ಹಾಕಿದೆ. ಅಂಟಿಕೊಳ್ಳದ ಪಟಿಕ ನೀರಿಗೆ ಬಿಟ್ಟು ಇಡೀ ಬಟ್ಟೆಗೆ ಹರಡಿತು. ಹೂವಿನ ಅಂಚೇ ಕಾಣದಂತೆ ಎಲ್ಲ ಕಡೆ ಕೆಂಪು. ಬಣ್ಣ ಹರಡಿದರೆ ಜನ ಅಚ್ಚನ್ನು ಬೈಯುತ್ತಾರೆ. ತಪ್ಪು ಒಗೆತದ್ದು.

ನೀರಿನ ಮಾತೂ ಇದೆ. ನೀರಿನಲ್ಲಿ ಕಬ್ಬಿಣ ಜಾಸ್ತಿಯಾದರೆ ಕೆಂಪು ಮಂಕಾಗಿ ಕಂದಾಗುತ್ತದೆ. 2001ರ ಭೂಕಂಪದ ನಂತರ ಕಛ್‌ನ ಅಜ್ರಖ್ ಊರಾದ ಧಮಡ್ಕಾದ ನೀರು ಹಾಗಾಯಿತು. ಅನೇಕ ಕುಟುಂಬಗಳು ಹೊರಟು ಭುಜ್ ಹತ್ತಿರ ಅಜ್ರಖ್‌ಪುರ ಎಂಬ ಹೊಸ ಊರನ್ನೇ ಕಟ್ಟಿಕೊಂಡವು. ಕಪ್ಪಿನ ಸರಿಯಲ್ಲೂ ಕಬ್ಬಿಣ ಮಿತಿಮೀರಬಾರದು, ನೂಲನ್ನೇ ತಿನ್ನುತ್ತದೆ. ಹಳೆ ಬಟ್ಟೆಗಳಲ್ಲಿ ಕಪ್ಪು ಗೆರೆಗಳೇ ಮೊದಲು ಹರಿದಿರುತ್ತವೆ.

ಸಮಯ ಮುಗಿಯುತ್ತಾ ಬಂತು. ಅಚ್ಚಿನ ಬಗ್ಗೆ ಹೇಳುವುದು ಬೇಕಾದಷ್ಟಿತ್ತು, ಎರಡೇ ಮಾತು ಹೇಳುತ್ತೇನೆ. ತೇಗದಂಥ ಗಟ್ಟಿ ಮರದಲ್ಲಿ ಕೆತ್ತಿ, ಎಣ್ಣೆಯಲ್ಲಿ ನೆನೆಹಾಕುತ್ತಾರೆ, ನೀರು ಕುಡಿದು ಸೊಟ್ಟಗಾಗದಿರಲಿ ಎಂದು. ಒಂದು ವಿನ್ಯಾಸಕ್ಕೆ ಹಲವು ಅಚ್ಚುಗಳು: ಗೆರೆಗೆ ಬೇರೆ, ಕಪ್ಪಿಗೆ ಬೇರೆ, ಕೆಂಪಿಗೆ ಬೇರೆ. ಎಲ್ಲವೂ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಮ್ಯೂಸಿಯಂನಲ್ಲಿ ಇಂಥ ಬಟ್ಟೆ ಕಂಡರೆ ಒಂದು ಅಚ್ಚು ಮುಗಿದು ಇನ್ನೊಂದು ಶುರುವಾಗುವ ಜಾಗವನ್ನು ಹುಡುಕಿ. ಕೂದಲೆಳೆಯಷ್ಟು ಜಾರಿರುತ್ತದೆ. ಕೈ ಒತ್ತಿದ ಗುರುತು ಅದು. ನಮಸ್ಕಾರ.