ವಾಚಿನೊಳಗಿನ 17 ಕಲ್ಲುಗಳ ಲೆಕ್ಕ

(ಹಳೆಯ ಎಚ್‌ಎಂಟಿ ಜನತಾ ವಾಚಿನ ಮುಖ, ತೀರಾ ಹತ್ತಿರದಿಂದ)

"17 ಜ್ಯುವೆಲ್ಸ್" ಎಂಬ ಬರಹ ಕಾಣುತ್ತಿದೆಯಲ್ಲವೇ? ತಾತನ ವಾಚಿನಲ್ಲಿ ಮಾಣಿಕ್ಯಗಳಿವೆ, ಮಾರಿದರೆ ಎಷ್ಟು ಬರುತ್ತದೆ ಎಂದು ವೀಕ್ಷಕರೊಬ್ಬರು ಕೇಳಿದ್ದಾರೆ. ಕಲ್ಲುಗಳಿರುವುದು ನಿಜ. ಆದರೆ ಅವು ಕಾರ್ಖಾನೆಯಲ್ಲಿ ಮಾಡಿದ ಮಾಣಿಕ್ಯಗಳು. ಅದನ್ನು ಅಗ್ಗವಾಗಿ ಮಾಡುವ ಬಗೆಯನ್ನು ಫ್ರಾನ್ಸಿನ ಆಗಸ್ಟ್ ವೆರ್ನೂಯಿ 1902ರಲ್ಲೇ ಪ್ರಕಟಿಸಿದ್ದರು. ಆಭರಣದ ಅಂಗಡಿಗೆ ಹೊರಡಬೇಡಿ.

(ಹಿಂಬದಿಯ ಮುಚ್ಚಳ ತೆರೆದ ಯಂತ್ರ, ಗುಲಾಬಿ ಚುಕ್ಕೆಗಳು)

ಹಾಗಾದರೆ ಕಲ್ಲು ಯಾಕೆ? ಹಿತ್ತಾಳೆಯ ರಂಧ್ರದಲ್ಲಿ ಚಕ್ರದ ಉಕ್ಕಿನ ಅಚ್ಚು ತಿರುಗಿದರೆ ಧೂಳಿನ ಕಣಗಳು ಮೆತ್ತಗಿನ ಹಿತ್ತಾಳೆಗೆ ಕಚ್ಚಿಕೊಂಡು ಅಚ್ಚನ್ನು ಉಜ್ಜಿ ಸವೆಸುತ್ತವೆ. ಮಾಣಿಕ್ಯದ ರಂಧ್ರ ಗಟ್ಟಿ, ನುಣುಪು. ಹಾಕಿದ ಎಣ್ಣೆಯೂ ಅಲ್ಲೇ ನಿಲ್ಲುತ್ತದೆ.

ಈಗ 17ನ್ನು ಎಣಿಸೋಣ. ಅತ್ತಿತ್ತ ಆಡುವ ಬ್ಯಾಲೆನ್ಸ್ ಚಕ್ರಕ್ಕೆ ಮೇಲೆ ಕೆಳಗೆ ಒಂದೊಂದು ರಂಧ್ರದ ಕಲ್ಲು, ಅವುಗಳ ಮೇಲೆ ಒಂದೊಂದು ಮುಚ್ಚಳದ ಕಲ್ಲು, ಜೊತೆಗೆ ಚಕ್ರದ ಹಲ್ಲುಗಳನ್ನು ಒಂದೊಂದಾಗಿ ತಡೆದು ಬಿಡುವ ಪ್ಯಾಲೆಟ್ ಎಂಬ ಪುಟ್ಟ ಸನ್ನೆಯನ್ನು ತಳ್ಳುವ ಒಂದು ಕಲ್ಲು: ಒಟ್ಟು ಐದು. ಪ್ಯಾಲೆಟ್ಟಿನ ಎರಡು ತೋಳುಗಳ ತುದಿಗೆ ಎರಡು. ಟಿಕ್ ಟಿಕ್ ಎನ್ನುವುದರಲ್ಲಿ ಇವುಗಳ ಪಾಲೂ ಇದೆ. ಸೆಕೆಂಡಿಗೆ ಐದು ಏಟಿನಂತೆ ದಿನಕ್ಕೆ 4,32,000! ಉಳಿದ ಹತ್ತು ಕಲ್ಲುಗಳು ಪ್ಯಾಲೆಟ್ಟಿನ ಅಚ್ಚಿಗೂ ನಾಲ್ಕು ಚಕ್ರಗಳಿಗೂ ಎರಡೆರಡರಂತೆ. ಕೈಯಿಂದ ಕೀಲಿ ಕೊಡುವ ಮೂರು ಮುಳ್ಳಿನ ವಾಚಿನಲ್ಲಿ ಹೆಚ್ಚು ಸವೆಯುವ ಜಾಗಗಳಿಗೆಲ್ಲ ಕಲ್ಲು ಬಿದ್ದಾಯಿತು.

ಇಲ್ಲಿ ನನಗೆ ಬಹಳ ಇಷ್ಟವಾದ ಕಥೆಯೊಂದಿದೆ. 1960ರ ದಶಕದಲ್ಲಿ ವಾಲ್ಥಮ್ ಹೆಸರಿನಲ್ಲಿ 100 ಕಲ್ಲುಗಳ ಆಟೊಮ್ಯಾಟಿಕ್, ಅಂದರೆ ಕೈ ಆಡಿದಂತೆ ತಾನೇ ಕೀಲಿ ಕೊಟ್ಟುಕೊಳ್ಳುವ ವಾಚು ಮಾರಾಟವಾಯಿತು. ನೂರು ಎಂದರೆ ಆರು ಪಟ್ಟು ಒಳ್ಳೆಯದು ಎಂದು ಕೊಂಡವರು ತಿಳಿದಿರಬೇಕು. ಒಳಗೆ ನೋಡಿದರೆ ದುಡಿಯುತ್ತಿದ್ದವು ಅದೇ 17. ಮಿಕ್ಕ 83 ಕಲ್ಲುಗಳು ಕೀಲಿ ಕೊಡಲು ತೂಗಾಡುವ ರೋಟರ್ ಎಂಬ ತೂಕದ ಅಂಚಿನ ಸುತ್ತ ಸುಮ್ಮನೆ ಕುಳಿತಿದ್ದವು! ಎತ್ತಿನ ಗಾಡಿಗೆ ಎರಡು ಎತ್ತು ಕಟ್ಟಿ, ಹಿಂದೆ ಎಂಟು ಎತ್ತುಗಳನ್ನು ಗಾಡಿಯಲ್ಲೇ ಹೇರಿಕೊಂಡು "ಹತ್ತು ಎತ್ತಿನ ಗಾಡಿ" ಎಂದು ಬೋರ್ಡು ಹಾಕಿದಂತೆ. ಕೊನೆಗೆ ಐಎಸ್‌ಒ 1112 ಎಂಬ ಮಾನದಂಡವೇ ಬಂದು, ಕೆಲಸದ ಕಲ್ಲು ಯಾವುದು, ಅಲಂಕಾರದ್ದು ಯಾವುದು ಎಂದು ಬೇರೆ ಮಾಡಬೇಕಾಯಿತು.

ಸಮಯ ಮುಗಿಯುತ್ತಿದೆ, ಬೇಗ ಹೇಳುತ್ತೇನೆ. ಆಟೊಮ್ಯಾಟಿಕ್‌ನಲ್ಲಿ 21 ಅಥವಾ 25 ಇದ್ದರೆ ಅದು ಮೋಸವಲ್ಲ. ತಾನೇ ಕೀಲಿ ಕೊಟ್ಟುಕೊಳ್ಳುವ ಭಾಗಕ್ಕೂ ಚಕ್ರಗಳಿರುತ್ತವೆ. ಆದರೆ 25ರದ್ದು 21ರದ್ದಕ್ಕಿಂತ ಸರಿಯಾದ ಸಮಯ ತೋರಿಸುತ್ತದೆ ಎಂದೇನೂ ಇಲ್ಲ. ಅದು ಬ್ಯಾಲೆನ್ಸ್, ಸುರುಳಿ ಸ್ಪ್ರಿಂಗು, ಹೊಂದಿಸಿದ ಕೈ, ಇವುಗಳ ಮೇಲಿದೆ.

(ಮತ್ತೆ ಜನತಾ, ಭೂತಗನ್ನಡಿಯಲ್ಲಿ)

ಈ ವಾಚು ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತಿತ್ತು. ರಿಪೇರಿಯವರು ಭೂತಗನ್ನಡಿಯಲ್ಲಿ ತೋರಿಸಿದರು: 17 ಕಲ್ಲುಗಳೂ ಸರಿಯಾಗಿದ್ದವು. ಅವುಗಳ ಸುತ್ತ ಎಣ್ಣೆ ಒಣಗಿ ಕಂದು ಅಂಟಾಗಿತ್ತು.