ಮೈಲುತುತ್ತದ ಡ್ರಮ್ಮಿಗೆ ಬಿದ್ದ ಫೋನು, ಕ್ಲೌಡಿಗೆ ಹೋಗದ ಫೋಟೋಗಳು

ಹಾ, ನಮಸ್ಕಾರ. ಕಾಣ್ತಿದೆಯಲ್ಲ, ಮಳೆ. ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ, ನಮ್ಮನೆ ಜಗಲಿ ಇದು. ಧ್ವನಿ ಆಮೇಲೆ ಹಾಕ್ತಿದೀನಿ, ಯಾಕಂದ್ರೆ ಹೆಂಚಿನ ಮೇಲೆ ಬೀಳೋ ಮಳೆ ಸದ್ದಲ್ಲಿ ನಾನು ಮಾತಾಡಿದ್ದು ನನಗೇ ಕೇಳಿಸಿಲ್ಲ.

ಈ ಡಬ್ಬಿ ಒಡೀತಿರೋದು ಹೊಸ ಫೋನು. ಖುಷಿಗೆ ತಗೊಂಡಿದ್ದಲ್ಲ. ಹಳೇದು ಆ ನೀಲಿ ಡ್ರಮ್ಮಿಗೆ ಬಿತ್ತು.

ಕೊಳೆರೋಗಕ್ಕೆ ಅಡಿಕೆಗೆ ಬೋರ್ಡೋ ಹೊಡೀತೀವಲ್ಲ, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಸುಣ್ಣ ಸಾಕಾಗಿದೆಯಾ ಅಂತ ನೋಡೋಕೆ ಕತ್ತಿ ಅದ್ದಿ ತೆಗೀತೀವಿ. ಕತ್ತಿ ಮೇಲೆ ತುಕ್ಕಿನ ಹಾಗೆ ಕೆಂಪು ಕೂತ್ರೆ ಸುಣ್ಣ ಇನ್ನೂ ಬೇಕು ಅಂತ. ಹಾಗೆ ಕತ್ತಿ ಅದ್ದೋಕೆ ಬಗ್ಗಿದೆ. ಶರ್ಟಿನ ಜೇಬಿಂದ ಫೋನು ಜಾರಿ, ಒಂದು ಹನಿ ಕೂಡ ಸಿಡೀದೆ, ಸೀದಾ ಒಳಗೆ. ಕೈ ಹಾಕಿ ತೆಗೆದಾಗ ಚಾರ್ಜಿಂಗ್ ತೂತಿಂದ ನೀಲಿ ನೀರು ಇಳೀತಿತ್ತು. ಅಪ್ಪಯ್ಯ ನೋಡಿ "ಇನ್ನು ಅದಕ್ಕಂತೂ ಕೊಳೆ ಬರಲ್ಲ ಬಿಡು" ಅಂದ್ರು.

ಇದು ಬಸ್ಸಿನ ಶಾಟ್. ಶಿವಮೊಗ್ಗಕ್ಕೆ ಹೋಗ್ತಾ, ಮಂಡಗದ್ದೆ ಹತ್ತಿರ. ತುಂಗೆ ನೋಡಿ ಹೆಂಗೆ ಕೆಂಪಾಗಿ ತುಂಬಿ ಹರೀತಿದೆ. ಹಕ್ಕಿ ತೋರಿಸೋಣ ಅಂತ ಇತ್ತು, ಕಿಟಕಿ ಗಾಜಿಗೆ ಮಂಜು. ಬಿಡಿ.

ರಿಪೇರಿ ಅಂಗಡಿಲಿ ಕ್ಯಾಮೆರಾ ಬೇಡ ಅಂದ್ರು. ಬಿಚ್ಚಿ ನೋಡಿ, ತಾಮ್ರದ ನೀರು ಬೋರ್ಡಿಗೆ ಹೋಗಿದೆ, ಒಳಗಿರೋ ಫೋಟೋ ವಾಪಸ್ ತೆಗೆಯೋಕೆ ಪ್ರಯತ್ನ ಮಾಡ್ಬೋದು, ನಾಲ್ಕೂವರೆ ಸಾವಿರ, ಸಿಗುತ್ತೆ ಅಂತ ಗ್ಯಾರಂಟಿ ಇಲ್ಲ, ಸಿಗದಿದ್ರೂ ದುಡ್ಡು ಕೊಡಬೇಕು ಅಂದ್ರು. ಸಿಗದಿದ್ರೂ! ನಾನು ಸ್ಟೈಲಾಗಿ "ಬೇಡ ಬಿಡಿ, ಎಲ್ಲಾ ಕ್ಲೌಡಲ್ಲಿದೆ" ಅಂದು ಎದ್ದು ಬಂದೆ. ಮನೆಗೆ ಬಂದು ಲ್ಯಾಪ್‌ಟಾಪಲ್ಲಿ ನೋಡ್ತೀನಿ, ಕೊನೇ ಫೋಟೋ ಜುಲೈ 3ರದ್ದು. ಫೋನು ಬಿದ್ದಿದ್ದು ಜುಲೈ 24ಕ್ಕೆ.

ಇಪ್ಪತ್ತೊಂದು ದಿನ ಮಾರಾಯ್ರೆ. ಎಲೆಚುಕ್ಕಿ ರೋಗ ಬಂದ ನಲವತ್ಮೂರು ಮರಕ್ಕೆ ಬಣ್ಣದಲ್ಲಿ ನಂಬರ್ ಬರೆದು, ವಾರಕ್ಕೊಂದು ಸಲ ಪ್ರತಿ ಮರದ ಸೋಗೆ ಫೋಟೋ ತೆಗೀತಿದ್ದೆ. ರೋಗ ಮೇಲಿನ ಸೋಗೆಗೆ ಏರ್ತಿದೆಯಾ, ಅಲ್ಲೇ ನಿಂತಿದೆಯಾ ಅಂತ ಪಕ್ಕ ಪಕ್ಕ ಇಟ್ಟು ನೋಡೋಕೆ. ಮೂರು ವಾರದ್ದು ಇಲ್ಲ. ಅಜ್ಜಿ ಕಳಲೆ ಹೆಚ್ಚೋವಾಗ ತೆಗೆದ ಫೋಟೋ ಒಂದಿತ್ತು, ಕೈ ಮಾತ್ರ ಕಾಣೋ ಹಾಗೆ. ಅದೂ ಇಲ್ಲ.

ಕ್ಲೌಡ್ ಆ್ಯಪ್ ಯಾವುದು ಅಂತ ಕೇಳಬೇಡಿ, ತಪ್ಪು ಅದರದ್ದಲ್ಲ. ಇಲ್ಲಿ ಅಮ್ಮನ ಫೋನು ತೋರಿಸ್ತಿದೀನಿ, ಅದೇ ಕಂಪನಿ, ಅದೇ ಆ್ಯಪ್, ಸೆಟ್ಟಿಂಗ್ ಮಾಡಿಕೊಟ್ಟಿದ್ದೂ ನಾನೇ. ಆ್ಯಪ್ ತೆರೆದೆ ನೋಡಿ. ತೆರೆದ ತಕ್ಷಣ ಮೇಲೆ ಬಾಣ ತಿರುಗೋಕೆ ಶುರು, ಮುನ್ನೂರು ಚಿಲ್ಲರೆ ಫೋಟೋ ಒಂದರ ಹಿಂದೊಂದು ಹೋಗ್ತಿವೆ. ಗುರುತು ಇದೇ. ಪಾಸ್‌ವರ್ಡ್ ತಪ್ಪಿದ್ರೆ, ಜಾಗ ತುಂಬಿದ್ರೆ, ಆ್ಯಪ್ ತೆರೆದು ಕೂತ್ರೂ ಹೋಗಲ್ಲ, ಏನೋ ಒಂದು ಎರರ್ ತೋರಿಸುತ್ತೆ. ತೆರೆದಾಗ ಓಡುತ್ತೆ, ಮುಚ್ಚಿದಾಗ ನಿಲ್ಲುತ್ತೆ ಅಂದ್ರೆ ಫೋನೇ ಹಿಂದುಗಡೆ ಅದರ ಕತ್ತು ಹಿಸುಕ್ತಿದೆ ಅಂತ ಅರ್ಥ.

ಯಾಕೆ ಹಿಸುಕುತ್ತೆ? ಆ್ಯಂಡ್ರಾಯ್ಡಲ್ಲಿ 2015ರಿಂದ, ಅಂದ್ರೆ 6ನೇ ಆವೃತ್ತಿಯಿಂದ, ಡೋಜ್ ಅಂತ ಒಂದು ವ್ಯವಸ್ಥೆ ಇದೆ. ಫೋನು ಚಾರ್ಜಿಗಿಲ್ಲ, ಸ್ಕ್ರೀನ್ ಆಫ್, ಮೇಜಿನ ಮೇಲೆ ಅಲ್ಲಾಡದೆ ಬಿದ್ದಿದೆ ಅಂದ್ರೆ ಆ್ಯಪ್‌ಗಳಿಗೆ ಇಂಟರ್ನೆಟ್ ಬಾಗಿಲು ಹಾಕುತ್ತೆ. ನಡುನಡುವೆ ಸ್ವಲ್ಪ ಹೊತ್ತು ತೆಗೆಯುತ್ತೆ, ಆಗ ಎಲ್ಲಾ ಕೆಲಸ ಮುಗಿಸ್ಕೊಳ್ಳಬೇಕು. ಫೋನು ಬಿದ್ದಲ್ಲೇ ಬಿದ್ದಿದ್ದಷ್ಟೂ ಬಾಗಿಲು ತೆಗೆಯೋದು ಅಪರೂಪ ಆಗ್ತಾ ಹೋಗುತ್ತೆ. ಇಷ್ಟಾದ್ರೆ ತೊಂದರೆ ಇಲ್ಲ, ತಡವಾಗಿಯಾದ್ರೂ ಫೋಟೋ ಹೋಗುತ್ತೆ. ಇದರ ಮೇಲೆ ಬ್ಯಾಟರಿ ಸೇವರ್ ಒಂದು. ಅದರ ಮೇಲೆ ಫೋನ್ ಕಂಪನಿಯವರ ಸ್ವಂತದ್ದು ಇನ್ನೊಂದು: ನೀವು ಕೆಲವು ದಿನ ತೆರೆಯದ ಆ್ಯಪನ್ನ ಮಲಗಿಸಿಬಿಡ್ತಾರೆ. ಕ್ಲೌಡ್ ಆ್ಯಪನ್ನ ಯಾರು ದಿನಾ ತೆರೀತಾರೆ ಹೇಳಿ? ತೆರೀದೇ ಕೆಲಸ ಆಗ್ಲಿ ಅಂತಲೇ ಅಲ್ವಾ ಅದನ್ನ ಹಾಕ್ಕೊಂಡಿದ್ದು!

ಈಗ ನಮ್ಮನೆ ಕಥೆ ಕೇಳಿ. ಜುಲೈ 4ರ ಗಾಳಿಗೆ ಲೈನ್ ಮೇಲೆ ಮರ ಬಿತ್ತು. ಆಮೇಲೆ ಕರೆಂಟು ಬಂದಿದ್ದಕ್ಕಿಂತ ಹೋಗಿದ್ದೇ ಜಾಸ್ತಿ. ನಮ್ಮ ಹಳೇ ಇನ್ವರ್ಟರ್ ಎರಡು ಲೈಟು, ವೈಫೈ ಪೆಟ್ಟಿಗೆ, ಇಷ್ಟು ಬಿಟ್ರೆ ಎಂಥದನ್ನೂ ಎಳೆಯಲ್ಲ. ಹಂಗಾಗಿ ಫೋನ್ ಚಾರ್ಜು ಜೀಪಲ್ಲಿ. ಆ್ಯಪಲ್ಲಿ ವೈಫೈ ಇದ್ರೆ ಮಾತ್ರ ಕಳಿಸು ಅಂತ ನಾನೇ ಹಾಕಿಟ್ಟಿದ್ದೆ, ಡೇಟಾ ಉಳಿಸೋಕೆ. ಅಂದ್ರೆ ಚಾರ್ಜ್ ಆಗೋವಾಗ ವೈಫೈ ಇಲ್ಲ, ವೈಫೈ ಇರೋವಾಗ ಚಾರ್ಜಲ್ಲಿಲ್ಲ. ಚಾರ್ಜು ಉಳೀಲಿ ಅಂತ ಬ್ಯಾಟರಿ ಸೇವರನ್ನೂ ನಾನೇ ಕೈಯಾರೆ ಆನ್ ಮಾಡಿಟ್ಟಿದ್ದೆ. ತೊಂಬತ್ತಕ್ಕೆ ಏರಿದ್ರೆ ತಾನೇ ಆಫ್ ಆಗುತ್ತೆ ಅಂತ ಕೆಳಗೆ ಬರೆದಿದೆ, ಹಾಂ, ಈ ಸಾಲು, ಸ್ಕ್ರೀನ್ ಮೇಲೆ ಗೋಲ ಹಾಕಿದೀನಿ.

ಈ ತೊಂಬತ್ತೇ ನನ್ನ ತಿಂದಿದ್ದು. ಚಾರ್ಜಿಗೆ ಹಾಕಿದಾಗ ಸೇವರ್ ಆಫ್ ಆದ ಹಾಗೆ ಕಾಣುತ್ತೆ. ಆದ್ರೆ ತೊಂಬತ್ತು ಮುಟ್ಟೋ ಮೊದಲೇ ವೈರ್ ಕಿತ್ರೆ ವಾಪಸ್ ಹತ್ತಿಕೊಳ್ಳುತ್ತೆ. ತೋಟದಿಂದ ತೀರ್ಥಹಳ್ಳಿ ಪೇಟೆಗೆ ಹೋಗಿ ಬರೋಷ್ಟರಲ್ಲಿ ಜೀಪಲ್ಲಿ ಅರವತ್ತಾದ್ರೆ ಹೆಚ್ಚು. ಇಪ್ಪತ್ತೊಂದು ದಿನ ನನ್ನ ಫೋನು ತೊಂಬತ್ತರ ಮುಖ ನೋಡಲೇ ಇಲ್ಲ.

ಮೊನ್ನೆ ಸಿಟ್ಟಲ್ಲಿ ಈ ಬ್ಯಾಟರಿ ಸೇವರ್ ಅಂಥ ದರಿದ್ರ ಇನ್ನೊಂದಿಲ್ಲ, ಎಲ್ರೂ ಕಿತ್ತು ಬಿಸಾಡಿ ಅಂತ ರೆಕಾರ್ಡ್ ಮಾಡಿದ್ದೆ. ಆ ತುಂಡು ತೆಗೆದೆ. ಅದೇ ಸೇವರ್ ಇದ್ದಿದ್ದಕ್ಕೆ ಮೂರನೇ ರಾತ್ರಿ ಕೊಟ್ಟಿಗೆಗೆ ಹೋಗೋಕೆ ಟಾರ್ಚ್ ಇತ್ತು. ಇರ್ಲಿ ಸೇವರ್. ಒಂದು ಆ್ಯಪಿಗೆ ಮಾತ್ರ ವಿನಾಯಿತಿ ಕೊಟ್ರೆ ಸಾಕು.

ನೋಡ್ಕೊಳ್ಳಿ. ಆ್ಯಪ್ ಚಿತ್ರದ ಮೇಲೆ ಬೆರಳು ಒತ್ತಿ ಹಿಡಿದು App info, ಅದರಲ್ಲಿ ಬ್ಯಾಟರಿ ಅಂತ ಇರೋ ಸಾಲು. ಹಿಂದಿನ ಫೋನುಗಳಲ್ಲಿ ಸೀದಾ ಮೂರು ಆಯ್ಕೆ ಬರುತ್ತೆ: Unrestricted, Optimized, Restricted. ನಮಗೆ ಬೇಕಾಗಿದ್ದು Unrestricted. ಈಚಿನ ಕೆಲವು ಫೋನುಗಳಲ್ಲಿ Allow background usage ಅಂತ ಸ್ವಿಚ್ ಕಾಣುತ್ತೆ, ಅದು ಆನ್ ಇರುತ್ತೆ, ಸರಿ ಇದೆ ಅಂತ ವಾಪಸ್ ಬರ್ತೀರಿ. ಬರಬೇಡಿ. ನಾನೂ ಮೊದಲು ಹಾಗೇ ಬಂದೆ. ಸ್ವಿಚ್ ಅಲ್ಲ, ಪಕ್ಕದ ಅಕ್ಷರದ ಮೇಲೆ ಒತ್ತಿ. ಒಳಗೆ ಇನ್ನೊಂದು ಪುಟ, ಅಲ್ಲಿ ಅಡಗಿ ಕೂತಿದೆ Unrestricted.

ಇಷ್ಟಕ್ಕೇ ಬಿಡೋ ಹಾಗಿಲ್ಲ, ಕಂಪನಿಯವರ ಬೀಗ ಬೇರೆ ಇದೆ. ಸ್ಯಾಮ್ಸಂಗಲ್ಲಿ ಬ್ಯಾಟರಿ ಸೆಟ್ಟಿಂಗ್ ಒಳಗೆ Background usage limits. ಅಲ್ಲಿ Deep sleeping apps ಪಟ್ಟಿಲಿ ನಿಮ್ಮ ಕ್ಲೌಡ್ ಆ್ಯಪ್ ಮಲಗಿದ್ರೆ ನೀವೇ ತೆರೆಯೋವರೆಗೂ ಏಳಲ್ಲ. ತೆಗೆದು, ಮಲಗಿಸಲೇ ಬೇಡ ಅನ್ನೋ ಪಟ್ಟಿಗೆ ಹಾಕಿ. ಅದರ ಹೆಸರು Never sleeping apps ಅಥವಾ Never auto sleeping apps. ಶಿಯೋಮಿ, ರೆಡ್ಮಿ ಆದ್ರೆ ಅದೇ App info ಒಳಗೆ Autostart ಆನ್ ಮಾಡಿ, Battery saver ಅನ್ನೋದನ್ನ No restrictions ಮಾಡಿ. ಎರಡೂ ಬೇಕು, ಒಂದು ಮಾಡಿ ಇನ್ನೊಂದು ಬಿಟ್ರೆ ಮತ್ತೆ ಅದೇ ಗೋಳು.

ಎಲ್ಲಾ ಆ್ಯಪಿಗೂ ಹೀಗೇ ಮಾಡಿಬಿಡೋಣ ಅಂತ ಹೊರಡಬೇಡಿ. ನಮ್ಮ ಚಿಕ್ಕಪ್ಪನ ಮಗ ಹಂಗೇ ಮಾಡಿ, ಮಧ್ಯಾಹ್ನಕ್ಕೇ ಚಾರ್ಜರ್ ಹುಡುಕ್ತಾ ಕೂತ.

ಇನ್ನು ಅಮ್ಮನ ಅಭ್ಯಾಸ. "ಬ್ಯಾಟರಿ ತಿನ್ನುತ್ತಲ್ಲ ಅದು, ದಿನಾ ಸಂಜೆ ಗುಡಿಸಿ ಹಾಕ್ತೀನಪ್ಪ" ಅಂತಾರೆ. ಅಂದ್ರೆ ಆ ಚೌಕ ಬಟನ್ ಒತ್ತಿ ಎಲ್ಲಾ ಆ್ಯಪನ್ನ ಮೇಲಕ್ಕೆ ತಳ್ಳೋದು, ಅಂಗಳ ಗುಡಿಸಿದ ಹಾಗೆ. ಕೆಲವು ಕಂಪನಿ ಫೋನಲ್ಲಿ ಹಾಗೆ ತಳ್ಳಿದ್ರೆ ಆ್ಯಪ್ ಪೂರ್ತಿ ಸಾಯುತ್ತೆ. ಇನ್ನು Force stop ಒತ್ತಿದ್ರಂತೂ ಯಾವ ಫೋನಾದ್ರೂ ಸರಿ, ನೀವೇ ತೆರೆಯೋವರೆಗೂ ಅದು ಏಳಲ್ಲ. ಅಮ್ಮನಿಗೆ ಹೇಳಿದೆ. ಹೂಂ ಅಂದ್ರು. ಸಂಜೆ ಮತ್ತೆ ಗುಡಿಸಿದ್ರು.

ಈಗ ಪರೀಕ್ಷೆ. ಗೋಡೆ ಗಡಿಯಾರದ ಫೋಟೋ, ಹತ್ತು ಗಂಟೆ ಐದು ನಿಮಿಷ. ಸ್ಕ್ರೀನ್ ಆಫ್ ಮಾಡಿ, ಚಾರ್ಜಿಗೆ ಹಾಕದೆ, ಮೇಜಿನ ಮೇಲೆ ಬಿಟ್ಟಿದೀನಿ. ಬ್ಯಾಟರಿ ಸೇವರ್ ಬೇಕಂತಲೇ ಆನ್. ಬಂತಾ ಅಂತ ನೋಡೋಕೆ ಇದೇ ಫೋನಲ್ಲಿ ಆ್ಯಪ್ ತೆರೀಬೇಡಿ. ತೆರೆದ್ರೆ ಆಗಲೇ ಕಳಿಸಿಬಿಡುತ್ತೆ, ನೀವು ಸರಿಯಾಯ್ತು ಅಂತ ಮೋಸ ಹೋಗ್ತೀರಿ. ಬೇರೆ ಕಡೆಯಿಂದ, ಲ್ಯಾಪ್‌ಟಾಪಿಂದ ನೋಡಿ. ಐದು ನಿಮಿಷಕ್ಕೇ ಗಾಬರಿ ಬೇಡ. ಆ್ಯಂಡ್ರಾಯ್ಡಲ್ಲಿ ಆಗಾಗ ಎದ್ದು ಮಾಡೋ ಕೆಲಸಕ್ಕೆ ಸಾಮಾನ್ಯವಾಗಿ ಕಮ್ಮಿ ಅಂದ್ರೂ ಹದಿನೈದು ನಿಮಿಷದ ಅಂತರ ಇರಬೇಕು. ಒಂದು ತಾಸು ಬಿಡಿ.

ಅಷ್ಟರಲ್ಲಿ ಕಡುಬು. ಇದು ಅರಿಶಿನ ಎಲೆದು, ಬೆಲ್ಲ ಕಾಯಿ ತುಂಬಿ… ಅಯ್ಯೋ, ಶಾಟ್ ಮುಗೀತು.

ಹನ್ನೊಂದೂ ಹತ್ತು. ಲ್ಯಾಪ್‌ಟಾಪಲ್ಲಿ ಗಡಿಯಾರದ ಫೋಟೋ ಬಂದಿದೆ. ಅಮ್ಮನ ಫೋನಲ್ಲಿ ಮಾಡಿದ ಪರೀಕ್ಷೆಯದ್ದು ಬಂದಿಲ್ಲ. ಹುಡುಕಿದ್ರೆ ಅವರ ಆ್ಯಪ್ ಒಳಗೇ ಚಾರ್ಜಲ್ಲಿದ್ದಾಗ ಮಾತ್ರ ಕಳಿಸು ಅಂತ ಟಿಕ್ ಇತ್ತು. ಫೋನಿನ ವಿನಾಯಿತಿ ಇದನ್ನ ಮೀರಲ್ಲ, ಆ ಟಿಕ್ ತೆಗೆಯೋದು ಆ್ಯಪ್ ಒಳಗೇ. ಬ್ಯಾಟರಿ ಸೇವರ್ ಕಂಡ್ರೆ ತಾವಾಗೇ ಕೆಲಸ ನಿಲ್ಲಿಸೋ ಆ್ಯಪ್‌ಗಳೂ ಇವೆ. ಅಂಥದ್ದಾದ್ರೆ Unrestricted ಮಾಡಿದ್ರೂ ಸೇವರ್ ಆಫ್ ಆಗೋವರೆಗೂ ಕಾಯಬೇಕು. ಫೋನಿಗೆ ದೊಡ್ಡ ಅಪ್‌ಡೇಟ್ ಬಂದ ಮೇಲೂ ಒಂದ್ಸಲ ಒಳಗೆ ಹೋಗಿ ನೋಡಿ, ಹಾಕಿದ್ದು ಹಾಗೇ ಇದೆಯಾ ಅಂತ.

ಹೊರಗೆ ಬಿಸಿಲು ಬಂತು ನೋಡಿ, ಈ ವಾರದಲ್ಲಿ ಮೊದಲ ಸಲ. ಔಷಧಿ ಹೊಡೆಯೋರು ಬಂದಾಯ್ತು, ಅಪ್ಪಯ್ಯ ಕರೀತಿದಾರೆ. ಫೋನನ್ನ ಇಲ್ಲೇ ಜಗಲಿ ಮೇಲೆ ಬಿಟ್ಟು ಹೋಗ್ತೀನಿ. ಡ್ರಮ್ಮಿನ ಶಾಟ್ ಇವತ್ತಿಲ್ಲ.